ಮಾರಾಟಕ್ಕೆ ದಾರಿ ಮಾಡುವ ವೆಬಿನಾರ್: ವಿಷಯದ ಆಯ್ಕೆಯಿಂದ ಮರುದಿನದ ಫೋನಿನವರೆಗೆ

ಶಿವಮೊಗ್ಗದಲ್ಲಿ ಮನೆಗಳ ತಾರಸಿಗೆ ಸೋಲಾರ್ ಹಾಕಿಕೊಡುವ ಏಳು ಜನರ ಸಣ್ಣ ಸಂಸ್ಥೆಯೊಂದಕ್ಕೆ ನಾನು ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ಮೊದಲ ವೆಬಿನಾರ್‌ನ ಹೆಸರು 'ಸೌರಶಕ್ತಿ: ನಾಳೆಯ ಇಂಧನ'. ಜನ ಬಂದರು, ಕೇಳಿದರು, ಚೆನ್ನಾಗಿತ್ತು ಎಂದು ಬರೆದು ಹೋದರು. ಒಂದು ಆರ್ಡರ್ ಕೂಡ ಬರಲಿಲ್ಲ. ನಾಲ್ಕು ತಿಂಗಳ ನಂತರ ಎರಡನೆಯದನ್ನು ಬೇರೆಯೇ ರೀತಿಯಲ್ಲಿ ಮಾಡಿದೆವು. ಅದರಿಂದ ಐದು ಮನೆಗಳ ಕೆಲಸ ಸಿಕ್ಕಿತು. ಈ ಎರಡರ ನಡುವೆ ಏನೇನು ಬದಲಾಯಿಸಿದೆವು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನೀವು ಮಾರುವುದು ಸೋಲಾರ್ ಅಲ್ಲದೇ ಇರಬಹುದು. ಆದರೆ ಕೊಳ್ಳುವ ಮೊದಲು ಗ್ರಾಹಕರು ಮನೆಮಂದಿಯನ್ನೆಲ್ಲ ಕೇಳಿ, ಹತ್ತು ಸಲ ಯೋಚಿಸುವಂಥ ವಸ್ತುವೋ ಸೇವೆಯೋ ಆಗಿದ್ದರೆ ಇದೇ ಕ್ರಮ ನಡೆಯುತ್ತದೆ. ಅಂಗಡಿಗೆ ಬಂದು ಐದು ನಿಮಿಷದಲ್ಲಿ ಕೊಂಡುಹೋಗುವ ಸಾಮಾನಿಗೆ ವೆಬಿನಾರ್ ಬೇಕಾಗಿಲ್ಲ.

ಶುರು ಮಾಡಬೇಕಾದ್ದು ಕೊನೆಯಿಂದ

ವಿಷಯ, ದಿನ, ಪೋಸ್ಟರ್ ಯಾವುದನ್ನೂ ಯೋಚಿಸುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ವೆಬಿನಾರ್ ಮುಗಿದ ಕೂಡಲೇ ಕೇಳುಗರು ಏನು ಮಾಡಬೇಕು? ಆ ಕೆಲಸ ಎರಡು ನಿಮಿಷದಲ್ಲಿ ಆಗುವಂತಿರಬೇಕು, ದುಡ್ಡು ಕೇಳಬಾರದು, ಅದನ್ನು ಮಾಡಿದವರಿಗೂ ಏನಾದರೂ ಸಿಗಬೇಕು. 'ನಮ್ಮನ್ನು ಸಂಪರ್ಕಿಸಿ' ಎಂಬುದು ಹಾಗಿಲ್ಲ. ಯಾಕೆ ಸಂಪರ್ಕಿಸಬೇಕು, ಮಾತನಾಡಿದರೆ ಏನು ಸಿಗುತ್ತದೆ ಎಂಬುದು ಅದರಲ್ಲಿ ಇಲ್ಲ.

ನಾವು ಆರಿಸಿದ ಕೆಲಸ ಇದು: ಮನೆಯ ಕರೆಂಟ್ ಬಿಲ್ಲಿನ ಫೋಟೊ ತೆಗೆದು ನಮ್ಮ ವಾಟ್ಸಾಪ್‌ಗೆ ಕಳಿಸುವುದು. ಕಳಿಸಿದವರಿಗೆ ಎರಡು ದಿನದೊಳಗೆ, ಅವರ ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು, ಅಥವಾ ಬೇಡವೇ ಬೇಡವೇ ಎಂಬ ಒಂದು ಪುಟದ ಲೆಕ್ಕ ಸಿಗುತ್ತದೆ. ಬಿಲ್ ಕಳಿಸುವ ಮನಸ್ಸು ಮಾಡಿದವರು ನಿಜಕ್ಕೂ ಯೋಚನೆ ಮಾಡುತ್ತಿದ್ದಾರೆ ಎಂದು ನಮಗೆ ಗೊತ್ತಾಗುತ್ತದೆ. ವಿಷಯ, ಆಹ್ವಾನದ ಸಾಲು, ಸ್ಲೈಡು, ಮರುದಿನದ ಸಂದೇಶ, ಎಲ್ಲವನ್ನೂ ಈ ಒಂದು ಕೆಲಸಕ್ಕೆ ಒಯ್ಯುವಂತೆ ಕಟ್ಟಿದೆವು. ಬಟ್ಟೆ ಹೊಲಿಗೆಯ ತರಗತಿ ನಡೆಸುವವರಿಗೆ ಅದು ಒಂದು ಅಳತೆ ಕಳಿಸುವುದಾಗಬಹುದು, ತೆರಿಗೆ ಸಲಹೆಗಾರರಿಗೆ ಕಳೆದ ವರ್ಷದ ರಿಟರ್ನ್ಸ್‌ನ ಒಂದು ಪುಟ ತೋರಿಸುವುದಾಗಬಹುದು.

ವಿಷಯವನ್ನು ಗ್ರಾಹಕರ ಬಾಯಿಂದಲೇ ತೆಗೆದುಕೊಳ್ಳಿ

ಮೊದಲ ಸಲ ವಿಷಯವನ್ನು ನಾವೇ ಕೂತು ಯೋಚಿಸಿದ್ದೆವು. ಎರಡನೇ ಸಲ ಫೋನ್ ತೆಗೆಯುವ ಹುಡುಗಿಯನ್ನೂ ಅಳತೆಗೆ ಮನೆಗೆ ಹೋಗುವ ಇಬ್ಬರನ್ನೂ ಕೂರಿಸಿಕೊಂಡು, ಹಿಂದಿನ ಎರಡು ತಿಂಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆಸಿದೆ. ಪಟ್ಟಿಯಲ್ಲಿ ಮೂರು ಪ್ರಶ್ನೆ ಮತ್ತೆ ಮತ್ತೆ ಬಂದವು. 'ಗೃಹಜ್ಯೋತಿ ಇದೆಯಲ್ಲ, ಸೋಲಾರ್ ಯಾಕೆ?' 'ನಮ್ಮ ಮಲೆನಾಡಿನ ಮಳೆಗೆ ಅದು ನಡೆಯುತ್ತಾ?' 'ಕೋತಿ ಬಂದು ಒಡೆದರೆ ಯಾರು ಹೊಣೆ?'

ಮೊದಲನೆಯದೇ ವಿಷಯವಾಯಿತು. ಕಾರಣ, ಅದಕ್ಕೆ ಪ್ರಾಮಾಣಿಕವಾದ ಉತ್ತರ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಯ ಅರ್ಹತೆ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ, ಗರಿಷ್ಠ ಮಿತಿ 200 ಯೂನಿಟ್. ಒಂದು ತಿಂಗಳ ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ವರ್ಷವಿಡೀ ಶೂನ್ಯ ಬಿಲ್ ಬರುವ ಮನೆಗೆ ಸೋಲಾರ್‌ನಿಂದ ಈಗ ಉಳಿಯುವುದು ಏನೂ ಇಲ್ಲ. ಪ್ರತಿ ತಿಂಗಳೂ 300 ದಾಟುವ ಮನೆಯ ಲೆಕ್ಕ ಪೂರ್ತಿ ಬೇರೆ. ಬೇಸಿಗೆಯ ಮೂರು ತಿಂಗಳು ಮಾತ್ರ ದಾಟುವ ಮನೆ ನಡುವೆ ಎಲ್ಲೋ ಇದೆ. ತಮ್ಮ ಮನೆ ಈ ಮೂರರಲ್ಲಿ ಯಾವುದು ಎಂದು ತಿಳಿಯಬೇಕಾದರೆ ಬಿಲ್ ನೋಡಲೇಬೇಕು. ವಿಷಯ ತಾನಾಗಿಯೇ ಜನರನ್ನು ಬಿಲ್ಲಿನ ಹತ್ತಿರ ಕರೆದೊಯ್ಯುತ್ತದೆ.

ಶೀರ್ಷಿಕೆ ಹೀಗಾಯಿತು: 'ತಿಂಗಳಿಗೆ 200 ಯೂನಿಟ್ ದಾಟುವ ಮನೆಗೆ ಸೋಲಾರ್ ಬೇಕಾ? ಬಿಲ್ ಹಿಡಿದು ಲೆಕ್ಕ ಹಾಕೋಣ'. ಇದು ಎಲ್ಲರನ್ನೂ ಕರೆಯುವುದಿಲ್ಲ. 200 ದಾಟದವರು ಓದಿ ಬಿಟ್ಟುಬಿಡುತ್ತಾರೆ, ಅವರು ಬಿಡುವುದೇ ನಮಗೂ ಅವರಿಗೂ ಒಳ್ಳೆಯದು. ನೀವು ಬರೆದ ಶೀರ್ಷಿಕೆ ಸರಿಯಿದೆಯೇ ಎಂದು ನೋಡಲು ಸುಲಭದ ದಾರಿ, ಅದನ್ನು ನಿಮ್ಮ ಎದುರಾಳಿ ಅಂಗಡಿಯ ಹೆಸರಿನ ಕೆಳಗೆ, ಆಮೇಲೆ ಬೇರೊಂದು ಊರಿನ ಹೆಸರಿನ ಕೆಳಗೆ ಇಟ್ಟು ಓದುವುದು. ಎಲ್ಲಿಟ್ಟರೂ ಒಗ್ಗಿಕೊಂಡರೆ ಅದಿನ್ನೂ ತೀರಾ ಸಡಿಲ.

ದಿನ, ವೇಳೆ

ತಾರಸಿಯ ಮೇಲೆ ಲಕ್ಷ ರೂಪಾಯಿ ಹಾಕುವ ತೀರ್ಮಾನವನ್ನು ಗಂಡ ಹೆಂಡತಿ ಇಬ್ಬರೂ ಸೇರಿ ಮಾಡುತ್ತಾರೆ. ಒಬ್ಬರೇ ಕೇಳಿದರೆ ಇನ್ನೊಬ್ಬರಿಗೆ ಹೇಳುವಾಗ ಅರ್ಧ ಕಳೆದುಹೋಗುತ್ತದೆ. ಆದ್ದರಿಂದ ಇಬ್ಬರೂ ಮನೆಯಲ್ಲಿರುವ ಹೊತ್ತು ಬೇಕು. ವಾರದ ದಿನದ ಮಧ್ಯಾಹ್ನ ಕಚೇರಿಗಳಿಗೆ ಮಾರುವವರಿಗೆ ಸರಿ, ಮನೆಗಳಿಗೆ ಮಾರುವವರಿಗಲ್ಲ. ಭಾನುವಾರ ಬೆಳಗ್ಗೆ 11 ಗಂಟೆಯೂ ಶನಿವಾರ ರಾತ್ರಿ 8 ಗಂಟೆಯೂ ನಮ್ಮ ಮುಂದಿದ್ದವು.

ಶನಿವಾರವನ್ನು ಆರಿಸಿದ್ದಕ್ಕೆ ಒಂದು ವಿಶೇಷ ಕಾರಣವಿತ್ತು. ನಮ್ಮ ಕಡೆ ಅಪ್ಪ ಅಮ್ಮ ಮಾತ್ರ ಇರುವ ಮನೆಗಳು ಬಹಳ. ಅಂಥ ಮನೆಗೆ ಸೋಲಾರ್ ಹಾಕಿಸುವ ದುಡ್ಡನ್ನು ಎಷ್ಟೋ ಸಲ ಬೆಂಗಳೂರಿನಲ್ಲೋ ದುಬೈನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಕೊಡುತ್ತಾರೆ. ಇಲ್ಲಿ ರಾತ್ರಿ 8 ಆದಾಗ ದುಬೈನಲ್ಲಿ ಸಂಜೆ 6.30. ನ್ಯೂಯಾರ್ಕ್ ಕಡೆ ಬೇಸಿಗೆಯಲ್ಲಿ ಬೆಳಗ್ಗೆ 10.30, ಚಳಿಗಾಲದಲ್ಲಿ 9.30. ಭಾನುವಾರ ಬೆಳಗ್ಗೆ 11 ಇಟ್ಟರೆ ನ್ಯೂಯಾರ್ಕ್ ಕಡೆಯವರಿಗೆ ನಡುರಾತ್ರಿ. ಅಪ್ಪ ಅಮ್ಮ ಇಲ್ಲಿಂದ, ಮಗ ಅಲ್ಲಿಂದ ಒಟ್ಟಿಗೆ ಕೇಳುವುದು ವೆಬಿನಾರ್‌ನಲ್ಲಿ ಮಾತ್ರ ಸಾಧ್ಯ. ಅಂಗಡಿಯಲ್ಲಿ ಮಾಡುವ ಮಾಹಿತಿ ಸಭೆಯಲ್ಲಿ ಅದು ಆಗದು.

ದಿನ ಗುರುತಿಸುವಾಗ ಹಬ್ಬ, ಮದುವೆ ಮುಹೂರ್ತ ಹೆಚ್ಚಿರುವ ವಾರ, ಭಾರತದ ಕ್ರಿಕೆಟ್ ಪಂದ್ಯ ಮೂರನ್ನೂ ನೋಡಿಕೊಳ್ಳಿ. ತಯಾರಿಗೆ ಮೂರು ವಾರ ಸಾಕು. ಜನರಿಗೆ ತಿಳಿಸುವುದು 10 ದಿನ ಮೊದಲು ಶುರುವಾದರೆ ಸಾಕು. ತಿಂಗಳ ಮೊದಲೇ ಹೇಳಿದರೆ ಮರೆತುಬಿಡುತ್ತಾರೆ.

ಯಾವ ವೇದಿಕೆ, ಯಾವ ಫಾರ್ಮ್

ಜೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿಯುತ್ತದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಎರಡರಲ್ಲೂ 100 ಜನರ ಮಿತಿ. ಪ್ರಶ್ನೋತ್ತರ ನಡೆಯುತ್ತಿರುವಾಗ ಪರದೆ ಮುಚ್ಚಿಹೋದರೆ ಅಲ್ಲಿಗೆ ಮುಗಿಯಿತು, ಹಾಗಾಗಿ ಉಚಿತ ಖಾತೆಯಲ್ಲಿ ಮಾರ್ಕೆಟಿಂಗ್ ವೆಬಿನಾರ್ ಮಾಡಬೇಡಿ. ನಾವು ಜೂಮ್ ವೆಬಿನಾರ್ ಸೌಲಭ್ಯವನ್ನು ಒಂದು ತಿಂಗಳಿಗೆ ಮಾತ್ರ ತೆಗೆದುಕೊಂಡೆವು. ಸಾಮಾನ್ಯ ಮೀಟಿಂಗ್‌ಗಿಂತ ಇದು ಬೇರೆ: ಕೇಳುಗರ ಮೈಕ್ ಮತ್ತು ಕ್ಯಾಮೆರಾ ತೆರೆದಿರುವುದಿಲ್ಲ, ಪ್ರಶ್ನೆಗಳಿಗೆ ಚಾಟ್‌ನಿಂದ ಪ್ರತ್ಯೇಕವಾದ `Q&A` ಪೆಟ್ಟಿಗೆ ಇದೆ. ಯಾರದೋ ಮನೆಯ ಕುಕ್ಕರ್ ಶಬ್ದ, ಯಾರೋ ಅಚಾತುರ್ಯದಿಂದ ಹಂಚಿದ ಪರದೆ, ಇವುಗಳ ಕಾಟವಿಲ್ಲ. ಸಾಮಾನ್ಯ ಮೀಟಿಂಗ್ ಬಳಸುವುದಾದರೆ ಪರದೆ ಹಂಚುವ ಅವಕಾಶವನ್ನು ನಡೆಸುವವರಿಗೆ ಮಾತ್ರ ಇರಿಸಿ, ಒಳಗೆ ಬರುವವರ ಮೈಕ್ ಮುಚ್ಚಿರುವಂತೆ ಮೊದಲೇ ಹೊಂದಿಸಿ.

ಯೂಟ್ಯೂಬ್ ಲೈವ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಅಲ್ಲಿ ಎಷ್ಟು ಜನ ನೋಡಿದರು ಎಂಬುದು ತಿಳಿಯುತ್ತದೆ, ಯಾರು ನೋಡಿದರು ಎಂಬುದು ತಿಳಿಯುವುದಿಲ್ಲ. ಮರುದಿನ ಯಾರಿಗೆ ಫೋನ್ ಮಾಡುವುದು?

ಈ 'ಯಾರು' ಎಂಬ ಪ್ರಶ್ನೆಯಲ್ಲೇ ನಾವು ಮೊದಲ ಸಲ ಸೋತದ್ದು. ಆಗ ಗೂಗಲ್ ಫಾರ್ಮ್‌ನಲ್ಲಿ ಹೆಸರು ಪಡೆದು, ಎಲ್ಲರಿಗೂ ಒಂದೇ ಜೂಮ್ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೆವು. ಮುಗಿದ ಮೇಲೆ ಹಾಜರಿ ತೆಗೆದು ನೋಡಿದರೆ ಹೆಸರುಗಳ ಜಾಗದಲ್ಲಿ ಫೋನುಗಳ ಮಾಡೆಲ್ ಹೆಸರು. ರೆಡ್ಮಿ ಬಂದಿತ್ತು, ಸ್ಯಾಮ್‌ಸಂಗ್ ಬಂದಿತ್ತು, ಯಾರ ಮನೆಯದು ಎಂದು ಗೊತ್ತಿಲ್ಲ. ಎರಡನೇ ಸಲ ಜೂಮ್‌ನ ಒಳಗಿನ `Registration` ಆಯ್ಕೆಯನ್ನೇ ಬಳಸಿದೆವು. ಅದರಲ್ಲಿ ನೋಂದಾಯಿಸಿದ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಿಂಕ್ ಹೋಗುತ್ತದೆ, ಹಾಜರಿಯಲ್ಲಿ ಅವರು ಬರೆದ ಹೆಸರೇ ಬರುತ್ತದೆ.

ಇದರಲ್ಲಿ ಒಂದು ತೊಡಕಿದೆ. ಆ ಲಿಂಕ್ ಹೋಗುವುದು ಇಮೇಲ್‌ಗೆ, ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಇಮೇಲ್ ತೆರೆಯುವುದು ಅಪರೂಪ. ಅದಕ್ಕೆ ಪರಿಹಾರವಾಗಿ, ಕಾರ್ಯಕ್ರಮದ ದಿನ ವಾಟ್ಸಾಪ್‌ನಲ್ಲಿ ನೋಂದಣಿ ಪುಟದ ಲಿಂಕನ್ನೇ ಮತ್ತೆ ಕಳಿಸಿ, 'ಇಮೇಲ್ ಸಿಗದಿದ್ದರೆ ಇಲ್ಲಿ ಹೆಸರು ಹಾಕಿ ನೇರ ಒಳಗೆ ಬನ್ನಿ' ಎಂದು ಬರೆದೆವು. ಅರ್ಧ ನಿಮಿಷದ ಕೆಲಸ, ಲಿಂಕ್ ಕಳೆದುಕೊಂಡವರೆಲ್ಲ ಹೀಗೆಯೇ ಬಂದರು.

ಫಾರ್ಮ್‌ನಲ್ಲಿ ಕೇಳಿದ್ದು ಐದು ವಿಷಯ: ಹೆಸರು, ಇಮೇಲ್, ವಾಟ್ಸಾಪ್ ಸಂಖ್ಯೆ, ತಿಂಗಳ ಸರಾಸರಿ ಯೂನಿಟ್ (200ರೊಳಗೆ, 200ರಿಂದ 400, ಅದಕ್ಕಿಂತ ಹೆಚ್ಚು, ಗೊತ್ತಿಲ್ಲ), ಮನೆಯ ಮೇಲ್ಛಾವಣಿ ಆರ್‌ಸಿಸಿಯೋ ಹೆಂಚೋ ಶೀಟೋ. ಕೊನೆಯ ಎರಡು ಪ್ರಶ್ನೆ ನಮ್ಮ ತಯಾರಿಗೂ ಬೇಕು, ನಂತರ ಯಾರಿಗೆ ಮೊದಲು ಫೋನ್ ಮಾಡಬೇಕು ಎಂದು ತಿಳಿಯಲೂ ಬೇಕು. ಆರ್‌ಆರ್ ಸಂಖ್ಯೆ, ವಿಳಾಸ ಕೇಳಲಿಲ್ಲ. ಅಷ್ಟು ಕೇಳಿದರೆ ಫಾರ್ಮ್ ಅರ್ಧಕ್ಕೇ ಬಿಡುತ್ತಾರೆ. ಕೆಳಗೆ ಒಂದು ಟಿಕ್ ಪೆಟ್ಟಿಗೆ: 'ಈ ಕಾರ್ಯಕ್ರಮದ ಬಗ್ಗೆಯೂ ಸೋಲಾರ್ ಬಗ್ಗೆಯೂ ವಾಟ್ಸಾಪ್‌ನಲ್ಲಿ ಮಾಹಿತಿ ಕಳಿಸಬಹುದು'. ಇದನ್ನು ಮೊದಲೇ ಟಿಕ್ ಆಗಿರುವಂತೆ ಇಡಬೇಡಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಬಂದ ಕಾಯ್ದೆ ಸ್ಪಷ್ಟ ಒಪ್ಪಿಗೆಯನ್ನು ಕೇಳುತ್ತದೆ. ಅದನ್ನು ಬಿಟ್ಟು ನೋಡಿದರೂ, ಒಪ್ಪಿಗೆ ಇಲ್ಲದೆ ಬಂದ ಸಂದೇಶವನ್ನು ಜನ ನೇರ ಬ್ಲಾಕ್ ಮಾಡುತ್ತಾರೆ, ಆಮೇಲೆ ಆ ಬಾಗಿಲು ತೆರೆಯುವುದಿಲ್ಲ.

ಆಹ್ವಾನ

ಯಾವ ದಾರಿಯಿಂದ ಎಷ್ಟು ಜನ ಬಂದರು ಎಂದು ತಿಳಿಯದೆ ಆಹ್ವಾನ ಕಳಿಸಬೇಡಿ. ಜೂಮ್ ವೆಬಿನಾರ್‌ನಲ್ಲಿ `Source Tracking Link` ಎಂಬ ಸೌಲಭ್ಯವಿದೆ. ಹಳೆಯ ಗ್ರಾಹಕರಿಗೆ ಒಂದು ಲಿಂಕ್, ಬಡಾವಣೆಗಳ ವಾಟ್ಸಾಪ್ ಗುಂಪುಗಳಿಗೆ ಒಂದು, ಫೇಸ್‌ಬುಕ್ ಜಾಹೀರಾತಿಗೆ ಒಂದು, ಇಮೇಲ್‌ಗೆ ಒಂದು, ಹೀಗೆ ನಾಲ್ಕು ಲಿಂಕ್ ಮಾಡಿಕೊಂಡೆವು. ತೆರೆದುಕೊಳ್ಳುವ ಪುಟ ಒಂದೇ, ಲೆಕ್ಕ ಬೇರೆ ಬೇರೆ.

ನಮಗೆ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ಹಳೆಯ ಗ್ರಾಹಕರ ದಾರಿ, ಅದಕ್ಕೆ ಖರ್ಚೇ ಇಲ್ಲ. ಆದರೆ ಅವರಿಗೆ ಈಗಾಗಲೇ ಸೋಲಾರ್ ಇದೆ, ಅವರನ್ನೇ ಕರೆದರೆ ಪ್ರಯೋಜನವಿಲ್ಲ. ಅವರು ತಮ್ಮ ಪರಿಚಯದವರಿಗೆ ಕಳಿಸುವಂತೆ ಸಂದೇಶ ಬರೆಯಬೇಕು. ನಾವು ಒಬ್ಬೊಬ್ಬರಿಗೂ ಎರಡು ಸಂದೇಶ ಕಳಿಸಿದೆವು. ಮೊದಲನೆಯದು ಅವರಿಗೆ: 'ನಮಸ್ಕಾರ ಸರ್, ನಿಮ್ಮ ಮನೆಯ ಸೋಲಾರ್ ಹೇಗೆ ನಡೆಯುತ್ತಿದೆ? ಬಿಲ್ 200 ದಾಟಿ ಬೇಸರಪಡುವವರು ನಿಮ್ಮ ಪರಿಚಯದಲ್ಲಿದ್ದರೆ ಕೆಳಗಿನ ಸಂದೇಶವನ್ನು ಅವರಿಗೆ ಕಳಿಸಿಕೊಡಿ.' ಎರಡನೆಯದು ಹಾಗೇ ಮುಂದೆ ಕಳಿಸಬಹುದಾದದ್ದು:

> ನಿಮ್ಮ ಮನೆಯ ಕರೆಂಟ್ ಬಿಲ್ 200 ಯೂನಿಟ್ ದಾಟುತ್ತಿದೆಯೇ? ಸೋಲಾರ್ ಹಾಕಿದರೆ ಉಳಿತಾಯವೋ ನಷ್ಟವೋ ಎಂದು ನಿಜವಾದ ಬಿಲ್ ಇಟ್ಟುಕೊಂಡು ಲೆಕ್ಕ ತೋರಿಸುತ್ತೇವೆ. ಶನಿವಾರ ರಾತ್ರಿ 8ರಿಂದ 9. ಮೊಬೈಲ್‌ನಲ್ಲೇ ನೋಡಬಹುದು, ಶುಲ್ಕವಿಲ್ಲ. ನಿಮ್ಮ ಇತ್ತೀಚಿನ ಬಿಲ್ ಕೈಯಲ್ಲಿಟ್ಟುಕೊಂಡು ಬನ್ನಿ. ಹೆಸರು ನೋಂದಾಯಿಸಲು: (ಲಿಂಕ್)

'ಬಿಲ್ ಕೈಯಲ್ಲಿಟ್ಟುಕೊಂಡು ಬನ್ನಿ' ಎಂಬ ಸಾಲು ಬಹಳ ಕೆಲಸ ಮಾಡುತ್ತದೆ. ಹುಡುಕಿ ತೆಗೆದಿಟ್ಟುಕೊಂಡವರು ಬರದೇ ಇರುವುದು ಕಡಿಮೆ. ಪೋಸ್ಟರ್ ಚಿತ್ರವನ್ನು ಮಾತ್ರ ಕಳಿಸುವುದು ತಪ್ಪು. ಚಿತ್ರದೊಳಗಿನ ಲಿಂಕನ್ನು ಒತ್ತಲು ಬರುವುದಿಲ್ಲ, ಮುಂದೆ ಮುಂದೆ ಹೋಗುವಾಗ ಚಿತ್ರದ ಕೆಳಗಿನ ಸಾಲುಗಳೂ ಉದುರಿಹೋಗಬಹುದು. ಸಂದೇಶ ಅಕ್ಷರದಲ್ಲೇ ಇರಲಿ.

ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಕಳಿಸಿದ ಒಂದು ದಿನದ ನಂತರವೂ ಬಹಳ ಹೆಸರುಗಳ ಮುಂದೆ ಒಂದೇ ಟಿಕ್ ಇದ್ದರೆ ಕಾರಣ ಇದಿರಬಹುದು, ಅವರಿಗೆ ಒಬ್ಬೊಬ್ಬರಿಗೇ ಕಳಿಸಿ. ಬಡಾವಣೆಯ ಗುಂಪುಗಳಲ್ಲಿ ನೀವೇ ಹೋಗಿ ಹಾಕುವುದಕ್ಕಿಂತ ಆ ಬಡಾವಣೆಯಲ್ಲೇ ಇರುವ ಗ್ರಾಹಕರೊಬ್ಬರಿಂದ ಹಾಕಿಸುವುದು ಮೇಲು. ಎಸ್‌ಎಂಎಸ್ ಯೋಚಿಸುತ್ತಿದ್ದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ, ಸಂದೇಶ ಕಳಿಸುವ ಸಂಸ್ಥೆಯ ಹೆಸರು ದಾಖಲಿಸುವ ಡಿಎಲ್‌ಟಿ ನೋಂದಣಿಯೂ ಸಂದೇಶದ ಮಾದರಿಗೆ ಅನುಮೋದನೆಯೂ ಬೇಕು. ಒಂದು ವೆಬಿನಾರ್‌ಗಾಗಿ ಅಷ್ಟು ಓಡಾಟ ಬೇಡ.

ನೆನಪಿಸುವ ಸಂದೇಶ ಮೂರು ಸಲ ಹೋಗಲಿ: ಹಿಂದಿನ ದಿನ ಸಂಜೆ, ಅಂದು ಬೆಳಗ್ಗೆ, ಶುರುವಾಗುವ 15 ನಿಮಿಷ ಮೊದಲು. ಹಿಂದಿನ ದಿನದ ಸಂದೇಶದಲ್ಲಿ ಒಂದು ಪ್ರಶ್ನೆ ಸೇರಿಸಿ: 'ನಾಳೆ ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು?' ನಮಗೆ ಮೂವತ್ತಕ್ಕೂ ಹೆಚ್ಚು ಪ್ರಶ್ನೆ ಬಂದವು. ಸ್ಲೈಡುಗಳ ಕ್ರಮವನ್ನೇ ಅದರ ಮೇಲೆ ಬದಲಾಯಿಸಿದೆವು.

ತಾಲೀಮು

ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಒಂದು ಸಲ ನಡೆಸಿ ನೋಡಿ. ರಾತ್ರಿ 8 ಗಂಟೆಗೆ ಆ ಕೋಣೆಗೆ ಬೀದಿಯ ಸದ್ದು ಎಷ್ಟು ಬರುತ್ತದೆ, ಇಂಟರ್‌ನೆಟ್ ಎಷ್ಟು ನಿಧಾನವಾಗುತ್ತದೆ ಎಂಬುದು ಬೆಳಗಿನ ತಾಲೀಮಿನಲ್ಲಿ ಗೊತ್ತಾಗುವುದಿಲ್ಲ.

ನೋಡಬೇಕಾದ್ದು ಮುಖ್ಯವಾಗಿ ಮೂರು. ರೌಟರ್‌ಗೆ ಯುಪಿಎಸ್ ಇದೆಯೇ? ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದು ರೌಟರ್ ಆರಿಹೋದರೆ ಸಭೆ ಮುಗಿದಂತೆ. ಮೊಬೈಲ್ ಹಾಟ್‌ಸ್ಪಾಟನ್ನು ಮೊದಲೇ ಲ್ಯಾಪ್‌ಟಾಪ್‌ಗೆ ಜೋಡಿಸಿ ಪರೀಕ್ಷಿಸಿಟ್ಟುಕೊಳ್ಳಿ. ಎರಡನೆಯದು ಧ್ವನಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಲ್ಯಾಪ್‌ಟಾಪ್‌ನ ಮೈಕ್ ಬೇಡ, ವೈರಿರುವ ಇಯರ್‌ಫೋನ್ ಅಥವಾ ಕಾಲರ್ ಮೈಕ್ ಸಾಕು. ಮೂರನೆಯದು ಕನ್ನಡ ಅಕ್ಷರ. ಸ್ಲೈಡನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದಿದ್ದರೆ, ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆದು, ಪಿಡಿಎಫ್ ಮಾಡಿಟ್ಟುಕೊಂಡು ಅದನ್ನೇ ತೋರಿಸಿ.

ಕೇಳುಗರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲಿ ನೋಡುತ್ತಾರೆ. ತಾಲೀಮಿನಲ್ಲಿ ನಿಮ್ಮದೇ ಫೋನಿನಿಂದ ಕೇಳುಗರಾಗಿ ಒಳಗೆ ಬಂದು, ಫೋನನ್ನು ಕೈಚಾಚುವಷ್ಟು ದೂರ ಹಿಡಿದು ಸ್ಲೈಡ್ ಓದಿ. ಓದಲಾಗದ ಸ್ಲೈಡನ್ನು ಎರಡಾಗಿ ಒಡೆಯಿರಿ.

ಇನ್ನೊಂದು ಮಾತು: ಒಬ್ಬರೇ ಇದನ್ನು ನಡೆಸಲಾಗುವುದಿಲ್ಲ. ಮಾತನಾಡುವವರು ಒಬ್ಬರು, ಪ್ರಶ್ನೆ ಪೆಟ್ಟಿಗೆ ನೋಡುವವರು ಇನ್ನೊಬ್ಬರು ಬೇಕೇ ಬೇಕು. ನಮ್ಮಲ್ಲಿ ಮಾತನಾಡಿದ್ದು ಮಾರಾಟದವರಲ್ಲ, ಅಳತೆಗೆ ಮನೆಗೆ ಹೋಗುವ ಎಂಜಿನಿಯರ್. ಪ್ರಶ್ನೆ ಎಲ್ಲಿಂದ ಬಂದರೂ ಅವರು ತಡವರಿಸಲಿಲ್ಲ. ಮೂರನೆಯವರು ವಾಟ್ಸಾಪ್ ಹಿಡಿದು ಕೂತು 'ಒಳಗೆ ಬರೋಕೆ ಆಗ್ತಿಲ್ಲ' ಎನ್ನುವವರಿಗೆ ದಾರಿ ತೋರಿಸಿದರು. ಮೊದಲ ಹತ್ತು ನಿಮಿಷ ಅವರಿಗೆ ಉಸಿರಾಡಲೂ ಬಿಡುವಿರಲಿಲ್ಲ.

ಆ ಒಂದು ಗಂಟೆ

ಮೊದಲ ವೆಬಿನಾರ್‌ನ ಹಾಜರಿ ವರದಿಯಲ್ಲಿ `Leave Time` ಎಂಬ ಸಾಲು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊರಟುಹೋದವರಲ್ಲಿ ಹೆಚ್ಚಿನವರು 18ರಿಂದ 22ನೇ ನಿಮಿಷದ ನಡುವೆ ಹೋಗಿದ್ದರು. ರೆಕಾರ್ಡಿಂಗ್ ತೆಗೆದು ಆ ಜಾಗ ನೋಡಿದರೆ, ನಮ್ಮ ಸಂಸ್ಥೆಯ ಪರಿಚಯದ ವಿಡಿಯೊ ಓಡುತ್ತಿತ್ತು. ಅದಕ್ಕೂ ಮೊದಲಿನ ಹದಿನೈದು ನಿಮಿಷ ಸೂರ್ಯನ ಶಕ್ತಿಯ ಬಗ್ಗೆ ಮಾತು. ಅಂದರೆ 22 ನಿಮಿಷವಾದರೂ ಅವರ ಮನೆಯ ಬಿಲ್ಲಿನ ಮಾತೇ ಬಂದಿರಲಿಲ್ಲ. ಹೊರಟುಹೋಗುವ ಸಮಯಗಳು ಚದುರಿದ್ದರೆ ಅದು ಅವರವರ ಮನೆಯ ಕಾರಣ. ಒಂದೇ ಕಡೆ ಗುಂಪಾಗಿದ್ದರೆ ತಪ್ಪು ನಿಮ್ಮ ಕಾರ್ಯಕ್ರಮದಲ್ಲಿದೆ.

ಎರಡನೇ ಸಲ ಹೀಗೆ ನಡೆಸಿದೆವು. 8ಕ್ಕೆ ಸರಿಯಾಗಿ ಶುರು. ಮೊದಲ ಮೂರು ನಿಮಿಷ, ಇನ್ನೂ ಬರುತ್ತಿರುವವರಿಗಾಗಿ ಒಂದು ಪ್ರಶ್ನೆ: 'ನಿಮ್ಮ ಬಿಲ್ಲಿನಲ್ಲಿ ಬಳಸಿದ ಯೂನಿಟ್ ಎಷ್ಟಿದೆ ಎಂದು ಚಾಟ್‌ನಲ್ಲಿ ಬರೆಯಿರಿ.' ಸಂಖ್ಯೆಗಳು ಬಂದವು: 240, 315, 410, 190. ಆ ಮನೆಗಳ ಸಂಖ್ಯೆಗಳನ್ನೇ ಎಂಜಿನಿಯರ್ ಮುಂದೆ ಉದಾಹರಣೆಯಾಗಿ ಹಿಡಿದರು. ನಂತರ ಎರಡು ನಿಮಿಷ ನಾವು ಯಾರು ಎಂಬುದು, ಅಷ್ಟೇ.

ಐದನೇ ನಿಮಿಷದಿಂದ ಮೂವತ್ತರವರೆಗೆ ಒಂದು ನಿಜವಾದ ಬಿಲ್ ಪರದೆಯ ಮೇಲಿತ್ತು. ಗ್ರಾಹಕರೊಬ್ಬರ ಒಪ್ಪಿಗೆ ಪಡೆದು, ಅವರ ಹೆಸರು ಮತ್ತು ಆರ್‌ಆರ್ ಸಂಖ್ಯೆ ಮುಚ್ಚಿದ್ದೆವು. ಬಳಕೆ 320 ಯೂನಿಟ್. ಎಂಜಿನಿಯರ್ ಕಾಗದದ ಮೇಲೆ ಬರೆಯುತ್ತಾ ಹೋದರು. ಒಂದು ಕಿಲೋವ್ಯಾಟ್ ಸೋಲಾರ್ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್ ಹಾಕಿದರೆ ದಿನಕ್ಕೆ 12, ತಿಂಗಳಿಗೆ 360. ಅದಕ್ಕೆ ತಾರಸಿಯಲ್ಲಿ ನೆರಳಿಲ್ಲದ ಸುಮಾರು 300 ಚದರ ಅಡಿ ಬೇಕು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ, ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಮೊದಲು ದುಡ್ಡು ಕಟ್ಟಬೇಕು, ಕೆಲಸ ಮುಗಿದು ಪರಿಶೀಲನೆಯಾದ ಮೇಲೆ ಸಬ್ಸಿಡಿ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಜಾಹೀರಾತಾಗುತ್ತಿತ್ತು. ಎಂಜಿನಿಯರ್ ಮುಂದುವರಿದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಈ 12 ಯೂನಿಟ್ ಸಿಗುವುದಿಲ್ಲ ಎಂದು ಹೇಳಿ, ನಾವೇ ಹಾಕಿದ ಒಂದು ಮನೆಯ ಇನ್ವರ್ಟರ್‌ನಿಂದ ತೆಗೆದ ಜುಲೈ ಮತ್ತು ಮಾರ್ಚ್ ತಿಂಗಳ ಅಂಕಿಗಳನ್ನು ಅಕ್ಕಪಕ್ಕ ತೋರಿಸಿದರು. ಸೋಲಾರ್ ಹಾಕಿದರೂ ಬಿಲ್ಲಿನ ನಿಗದಿತ ಶುಲ್ಕ ಉಳಿಯುತ್ತದೆ ಎಂದರು. ಚಾಟ್‌ನಲ್ಲಿ 190 ಎಂದು ಬರೆದವರಿಗೆ, 'ನಿಮಗೆ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ ಈಗ ಹಾಕಿಸಬೇಡಿ' ಎಂದು ನೇರವಾಗಿ ಹೇಳಿದರು. ಹಾಗೆ ಹೇಳಿದ ಕೂಡಲೇ ಪ್ರಶ್ನೆ ಪೆಟ್ಟಿಗೆಯಲ್ಲಿ ಪ್ರಶ್ನೆಗಳು ಒಂದರ ಹಿಂದೆ ಒಂದು ಬರತೊಡಗಿದವು. ಬೇಡ ಎನ್ನಬೇಕಾದ ಕಡೆ ಬೇಡ ಎನ್ನುವವರ ಹತ್ತಿರ ಜನ ತಮ್ಮ ಲೆಕ್ಕ ಬಿಚ್ಚಿಡುತ್ತಾರೆ.

ಮೂವತ್ತನೇ ನಿಮಿಷಕ್ಕೆ ಬಿಲ್ ಕಳಿಸುವ ವಾಟ್ಸಾಪ್ ಸಂಖ್ಯೆ ಪರದೆಯ ಮೇಲೆ ಬಂತು, ಚಾಟ್‌ನಲ್ಲೂ ಹಾಕಿದೆವು. ಇದನ್ನು ಕೊನೆಗೆ ಇಡಬೇಡಿ. ಕೊನೆಯಲ್ಲಿ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. 'ಈಗಲೇ ಕೈಯಲ್ಲಿರುವ ಬಿಲ್ಲಿನ ಫೋಟೊ ತೆಗೆದು ಕಳಿಸಿ, ಕಳಿಸುವಷ್ಟರಲ್ಲಿ ನಾನು ಪ್ರಶ್ನೆಗಳಿಗೆ ಬರುತ್ತೇನೆ' ಎಂದು ಹೇಳಿ ಎಂಜಿನಿಯರ್ ಒಂದು ನಿಮಿಷ ಸುಮ್ಮನೆ ಕಾದರು. ಉಳಿದ ಅರ್ಧ ಗಂಟೆ ಪೂರ್ತಿ ಪ್ರಶ್ನೋತ್ತರ. ಕೋತಿಯ ಪ್ರಶ್ನೆಗೆ, ಪ್ಯಾನೆಲ್ ತಯಾರಕರ ವಾರಂಟಿ ಅಂಥ ಹಾನಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಮನೆಯ ವಿಮೆಯಲ್ಲಿ ಸೇರಿಸಲಾಗುತ್ತದೆಯೇ ಎಂದು ಕೇಳಿ ಎಂದು ಉತ್ತರಿಸಿದರು. ಉತ್ತರ ಗೊತ್ತಿಲ್ಲದ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಮೆಸ್ಕಾಂ ಕಚೇರಿಯಲ್ಲಿ ಕೇಳಿ ತಿಳಿಸುವುದಾಗಿ ಹೇಳಿದೆವು.

ರೆಕಾರ್ಡಿಂಗ್ ಮಾಡುತ್ತಿದ್ದೇವೆ ಎಂದು ಆರಂಭದಲ್ಲೇ ಹೇಳಿ. ಆದರೆ ರೆಕಾರ್ಡಿಂಗ್ ಸಿಗುತ್ತದೆ ಎಂದು ಆಹ್ವಾನದಲ್ಲಿ ಬರೆಯಬೇಡಿ, ಆಮೇಲೆ ನೋಡಿದರಾಯಿತು ಎಂದುಕೊಳ್ಳುತ್ತಾರೆ.

ಮರುದಿನ

ಎಲ್ಲ ಕೆಲಸದ ಬೆಲೆ ನಿರ್ಧಾರವಾಗುವುದು ಮುಂದಿನ ಎರಡು ದಿನದಲ್ಲಿ. ಮೊದಲ ಸಲ ನಾವು ಎಲ್ಲರಿಗೂ ಒಂದೇ 'ಧನ್ಯವಾದ' ಸಂದೇಶವನ್ನು ನಾಲ್ಕು ದಿನ ಬಿಟ್ಟು ಕಳಿಸಿದ್ದೆವು. ಅಷ್ಟರಲ್ಲಿ ಜನ ಮರೆತಿದ್ದರು.

ಎರಡನೇ ಸಲ 212 ಜನ ನೋಂದಾಯಿಸಿದ್ದರು. 81 ಜನ ಬಂದಿದ್ದರು, ಅವರಲ್ಲಿ 54 ಜನ 45ನೇ ನಿಮಿಷದ ನಂತರವೂ ಇದ್ದರು. ಅದೇ ರಾತ್ರಿಯೊಳಗೆ 16 ಬಿಲ್‌ಗಳು ಬಂದಿದ್ದವು. ಭಾನುವಾರ ಬೆಳಗ್ಗೆ ಹಾಜರಿ ವರದಿಯನ್ನು ಎಕ್ಸೆಲ್‌ಗೆ ತಂದು ಪಟ್ಟಿಯನ್ನು ನಾಲ್ಕು ಪಾಲು ಮಾಡಿದೆವು.

ಬಿಲ್ ಕಳಿಸಿದ 16 ಮನೆಗಳಿಗೆ ಹೇಳಿದಂತೆ ಎರಡು ದಿನದೊಳಗೆ ಒಂದು ಪುಟದ ಲೆಕ್ಕ ಹೋಯಿತು. ಅದರ ಹಿಂದೆಯೇ ಎಂಜಿನಿಯರ್ ಅವರದೇ ಫೋನ್. ವೆಬಿನಾರ್‌ನಲ್ಲಿ ಕೇಳಿದ ದನಿಯೇ ಫೋನಿನಲ್ಲಿ ಕೇಳಿದ್ದರಿಂದ ಯಾರೂ ಅದನ್ನು ಮಾರಾಟದ ಕರೆ ಎಂದು ಕಡಿದುಹಾಕಲಿಲ್ಲ. ಮೂರು ಮನೆಗಳಿಗೆ ನಮ್ಮ ಲೆಕ್ಕದಲ್ಲಿ 'ಈಗ ಬೇಡ' ಎಂದೇ ಬರೆದಿತ್ತು.

ಕೊನೆಯವರೆಗೂ ಇದ್ದು ಬಿಲ್ ಕಳಿಸದವರಿಗೆ, ಅವರು ಪ್ರಶ್ನೆ ಕೇಳಿದ್ದರೆ ಆ ಪ್ರಶ್ನೆಯನ್ನೇ ಹಿಡಿದು ಬರೆದೆವು: 'ನಮಸ್ಕಾರ ಮೇಡಂ, ನಿನ್ನೆ ನೀವು ಹೆಂಚಿನ ಮಾಡಿನ ಮೇಲೆ ಹಾಕಬಹುದೇ ಎಂದು ಕೇಳಿದ್ದಿರಿ. ಅಂಥ ಒಂದು ಮನೆಯ ಫೋಟೊ ಇದು. ನಿಮ್ಮ ಬಿಲ್ ಮತ್ತು ಮಾಡಿನ ಒಂದು ಫೋಟೊ ಕಳಿಸಿದರೆ ನೋಡಿ ಹೇಳುತ್ತೇವೆ.' ಬೇಗ ಹೊರಟವರಿಗೆ ಪೂರ್ತಿ ರೆಕಾರ್ಡಿಂಗ್ ಕಳಿಸದೆ, ಬಿಲ್ ಲೆಕ್ಕದ ಎಂಟು ನಿಮಿಷದ ತುಂಡನ್ನು ಕತ್ತರಿಸಿ ಕಳಿಸಿದೆವು. ಬಾರದೇ ಇದ್ದ 131 ಜನರಿಗೂ ಅದೇ ತುಂಡು, ಜೊತೆಗೆ 'ನಿನ್ನೆ ಬಿಡುವಾಗಲಿಲ್ಲ ಅನಿಸುತ್ತದೆ' ಎಂಬ ಒಂದು ಸಾಲು. ಇವರಿಗೆ ಫೋನ್ ಮಾಡಲಿಲ್ಲ. ಈ ಮೂರು ಪಾಲಿನಿಂದ ಇನ್ನೂ 7 ಬಿಲ್ ಬಂದವು. ಒಟ್ಟು 23.

ಒಂದು ವಾರದ ನಂತರ ಒಂದೇ ಒಂದು ಸಂದೇಶ: ಮೆಸ್ಕಾಂನಲ್ಲಿ ಕೇಳಿ ತಿಳಿದುಕೊಂಡ ಆ ಎರಡು ಉತ್ತರಗಳು. ಆಮೇಲೆ ಸುಮ್ಮನಾದೆವು. 'ಬೇಡ' ಎಂದು ಬರೆದವರ ಸಂಖ್ಯೆಯನ್ನು ಅದೇ ದಿನ ಪಟ್ಟಿಯಿಂದ ತೆಗೆದೆವು.

ಲೆಕ್ಕದ ಹಾಳೆ

ಎರಡು ತಿಂಗಳ ನಂತರ ಹಾಳೆಯಲ್ಲಿ ಇದ್ದದ್ದು: 23 ಬಿಲ್, 14 ಮನೆಗಳಿಗೆ ಅಳತೆಗೆ ಭೇಟಿ, 5 ಆರ್ಡರ್. ನಮಗೆ ಹೆಚ್ಚು ಕಲಿಸಿದ್ದು ದಾರಿಗಳ ಲೆಕ್ಕ. 212 ನೋಂದಣಿಯಲ್ಲಿ ಹಳೆಯ ಗ್ರಾಹಕರ ಲಿಂಕ್‌ನಿಂದ 96, ಬಡಾವಣೆ ಗುಂಪುಗಳಿಂದ 58, ಫೇಸ್‌ಬುಕ್ ಜಾಹೀರಾತಿನಿಂದ 41, ಇಮೇಲ್‌ನಿಂದ 17. ನೋಂದಣಿಯನ್ನಷ್ಟೇ ನೋಡಿದರೆ ಜಾಹೀರಾತು ತಕ್ಕಮಟ್ಟಿಗೆ ನಡೆದಿದೆ ಅನಿಸುತ್ತದೆ. ಬಿಲ್ಲುಗಳನ್ನು ಅದೇ ರೀತಿ ವಿಂಗಡಿಸಿದಾಗ ಹಳೆಯ ಗ್ರಾಹಕರಿಂದ 15, ಬಡಾವಣೆಗಳಿಂದ 5, ಇಮೇಲ್‌ನಿಂದ 2, ಜಾಹೀರಾತಿನಿಂದ ಒಂದು. ಜಾಹೀರಾತಿಗೆ ಖರ್ಚಾದ 4,000 ರೂಪಾಯಿಯನ್ನು ಮುಂದಿನ ಸಲ ಬೇರೆ ಕಡೆ ಹಾಕುವುದೆಂದು ಆವತ್ತೇ ತೀರ್ಮಾನಿಸಿದೆವು. ಒಂದು ವೆಬಿನಾರ್‌ನ ಅಂಕಿಗಳಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಲಾಗದು. ಹೊಸದಾಗಿ ಶುರು ಮಾಡಿದ, ಹಳೆಯ ಗ್ರಾಹಕರೇ ಇಲ್ಲದ ಸಂಸ್ಥೆಗೆ ಜಾಹೀರಾತು ಬಿಟ್ಟರೆ ದಾರಿ ಇರಲಿಕ್ಕಿಲ್ಲ. ನೋಂದಣಿಗಳನ್ನು ಬಿಟ್ಟು, ನೀವು ಮೊದಲ ದಿನ ಬರೆದಿಟ್ಟ ಆ ಕೊನೆಯ ಕೆಲಸವನ್ನು ಎಷ್ಟು ಜನ ಮಾಡಿದರು ಎಂದು ದಾರಿಗೊಂದರಂತೆ ಎಣಿಸಿದರೆ ನಿಮ್ಮ ಉತ್ತರ ನಿಮಗೆ ಸಿಗುತ್ತದೆ.

ಮುಂದಿನ ವೆಬಿನಾರ್‌ನ ವಿಷಯವೂ ಆ ಹಾಳೆಯಲ್ಲೇ ಸಿಕ್ಕಿತು. ಪ್ರಶ್ನೆ ಪೆಟ್ಟಿಗೆಯನ್ನು ಮತ್ತೆ ಓದಿದಾಗ, ಹೆಂಚಿನ ಮನೆಯ ಬಗ್ಗೆ ಕೇಳಿದವರೇ ಒಂಬತ್ತು ಜನ ಇದ್ದರು.